ಗೆಜ್ಜೆಯ ಜಾಗದ ಕಂದು ಕಲೆ

ಕಾಲ್ಗೆಜ್ಜೆ ಕೂರುವ ಜಾಗದಲ್ಲಿ, ಅದರಲ್ಲೂ ಒಳಬದಿಯ ಮೂಳೆಯ ಸುತ್ತ, ಚರ್ಮ ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುವುದನ್ನು ಬಹುಪಾಲು ಜನ ವಯಸ್ಸಿನ ಲಕ್ಷಣವೆಂದು ಬಿಟ್ಟುಬಿಡುತ್ತಾರೆ. ಸಂಜೆ ಹೊತ್ತಿಗೆ ಅದೇ ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಅಚ್ಚೊತ್ತಿರುತ್ತದೆ, ಬೆಳಗ್ಗೆ ಎದ್ದಾಗ ಊತ ಇಳಿದಿರುತ್ತದೆ. ಒಂದೆರಡು ವರ್ಷ ಕಳೆದ ಮೇಲೆ ಅಲ್ಲಿ ತುರಿಕೆ ಶುರುವಾಗುತ್ತದೆ. ಕೆರೆದ ಕಡೆ ನೀರು ಒಸರಿ ಹೆಕ್ಕಳೆ ಕಟ್ಟುತ್ತದೆ. ಕೊನೆಗೊಂದು ದಿನ ಮಂಚದ ಕಾಲು ತಾಗಿಯೋ ಉಗುರು ಗೀರಿಯೋ ಆದ ಸಣ್ಣ ಗಾಯ ತಿಂಗಳುಗಟ್ಟಲೆ ಮಾಯುವುದಿಲ್ಲ. ಬಣ್ಣ, ಊತ, ಇಸುಬು, ಹುಣ್ಣು ನಾಲ್ಕು ಬೇರೆ ಬೇರೆ ಕಾಯಿಲೆಗಳಂತೆ ಕಂಡರೂ ಒಂದೇ ಕಾಯಿಲೆಯ ನಾಲ್ಕು ಮಜಲುಗಳು. ಕಾಯಿಲೆ ಇರುವುದು ಚರ್ಮದಲ್ಲಿ ಅಲ್ಲ, ಅದರ ಕೆಳಗೆ ಹರಿಯುವ ಅಶುದ್ಧ ರಕ್ತನಾಳಗಳ ಒತ್ತಡದಲ್ಲಿ.

ಆಡುಮಾತಿನಲ್ಲಿ ಈ ನಾಳಗಳನ್ನು 'ನರ' ಎನ್ನುತ್ತಾರೆ; ಉಬ್ಬಿ ಸುರುಳಿಯಾದ ನಾಳ 'ನರ ಗಂಟು ಬಿದ್ದದ್ದು'. ವೈದ್ಯಕೀಯದಲ್ಲಿ ನರವೆಂದರೆ ಸಂವೇದನೆಯ ತಂತು, ರಕ್ತವನ್ನು ಹೃದಯಕ್ಕೆ ವಾಪಸು ಒಯ್ಯುವ ಕೊಳವೆಗೆ ಅಭಿಧಮನಿ ಎಂದು ಹೆಸರು. ಈ ಗೊಂದಲದಿಂದ ಸಣ್ಣದೊಂದು ತೊಂದರೆಯೂ ಇದೆ. 'ನರದ ತೊಂದರೆ' ಎಂದು ಹೇಳಿಕೊಂಡು ಹೋದವರು ಎಷ್ಟೋ ಸಲ ವಿಟಮಿನ್ ಮಾತ್ರೆ ಹಿಡಿದು ಮನೆಗೆ ಬರುತ್ತಾರೆ.

ಮನೆಯ ಮೇಲಿನ ನೀರಿನ ಟ್ಯಾಂಕಿನಿಂದ ನೆಲಮಹಡಿಯ ನಲ್ಲಿಗೆ ನೀರು ರಭಸದಿಂದ ಬರುವುದು ಎತ್ತರದ ಕಾರಣಕ್ಕೆ. ನಿಂತ ಮನುಷ್ಯನ ಮೈಯಲ್ಲೂ ಅಂಥದೇ ಒಂದು ಕಂಬವಿದೆ. ಹೃದಯದಿಂದ ಪಾದದ ಕೀಲಿನವರೆಗೆ ಸುಮಾರು 120 ಸೆಂಟಿಮೀಟರ್ ಎತ್ತರದ ರಕ್ತ ನಿಂತಿರುತ್ತದೆ. ಕದಲದೆ ನಿಂತಾಗ ಗೆಜ್ಜೆಯ ಜಾಗದ ಅಭಿಧಮನಿಯೊಳಗಿನ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟಾಗುತ್ತದೆ. ಆರೋಗ್ಯವಂತರಲ್ಲೂ ಇದು ಇಷ್ಟೇ. ವ್ಯತ್ಯಾಸ ಗೊತ್ತಾಗುವುದು ನಡೆಯತೊಡಗಿದಾಗ.

ಹೆಜ್ಜೆ ಇಟ್ಟಾಗೆಲ್ಲ ಮೀನಖಂಡ ಬಿಗಿಯುತ್ತದೆ. ಸ್ನಾಯುವಿನ ನಡುವೆ ಇರುವ ಆಳದ ನಾಳಗಳು ಹಿಂಡಿದ ಬಟ್ಟೆಯಂತಾಗಿ ರಕ್ತ ಮೇಲಕ್ಕೆ ಚಿಮ್ಮುತ್ತದೆ. ಸ್ನಾಯು ಸಡಿಲಾದಾಗ ಆ ರಕ್ತ ಕೆಳಕ್ಕೆ ಜಾರದಂತೆ ನಾಳದೊಳಗಿನ ತೆಳು ಕವಾಟಗಳು ಮುಚ್ಚಿಕೊಳ್ಳುತ್ತವೆ. ಖಾಲಿಯಾದ ಆಳದ ನಾಳ ಆಗ ಚರ್ಮದ ಕೆಳಗಿನ ನಾಳಗಳಿಂದ ರಕ್ತವನ್ನು ಎಳೆದುಕೊಳ್ಳುತ್ತದೆ. ಹತ್ತಿಪ್ಪತ್ತು ಹೆಜ್ಜೆ ನಡೆಯುವಷ್ಟರಲ್ಲಿ 90 ಇದ್ದ ಒತ್ತಡ 20–30ಕ್ಕೆ ಇಳಿಯುತ್ತದೆ. ಮೀನಖಂಡವನ್ನು ಎರಡನೆಯ ಹೃದಯ ಎನ್ನುವುದು ಈ ಕಾರಣಕ್ಕೆ.

ಈ ಕವಾಟಗಳ ವಿವರವಾದ ಚಿತ್ರ ಬರೆದು 1603ರಲ್ಲಿ ಪ್ರಕಟಿಸಿದವನು ಇಟಲಿಯ ಪಡುವಾದ ಅಂಗರಚನಾ ಶಾಸ್ತ್ರಜ್ಞ ಫ್ಯಾಬ್ರಿಸಿಯಸ್. ಕಾಲಿಗೆ ರಕ್ತ ಒಮ್ಮೆಲೇ ನುಗ್ಗದಂತೆ ತಡೆಯುವ ಸಣ್ಣ ಕಟ್ಟೆಗಳು ಇವು ಎಂದು ಅವನು ತಿಳಿದಿದ್ದ. ಅವನಲ್ಲಿ ಕಲಿತ ವಿಲಿಯಂ ಹಾರ್ವೆ 1628ರ ತನ್ನ ಪುಸ್ತಕದಲ್ಲಿ ಆ ಅರ್ಥವನ್ನೇ ತಿರುಗಿಸಿದ: ಇವು ಒಂದೇ ದಿಕ್ಕಿಗೆ ತೆರೆಯುವ ಬಾಗಿಲುಗಳು, ದಿಕ್ಕು ಹೃದಯದ ಕಡೆಗೆ. ಗುರುವಿನ ಚಿತ್ರ ಸರಿಯಿತ್ತು, ವಿವರಣೆ ತಪ್ಪಿತ್ತು.

ಕವಾಟ ಕೆಡುವುದಕ್ಕೆ ದಾರಿಗಳು ಹಲವು. ಕೆಲವು ಮನೆತನಗಳಲ್ಲಿ ನಾಳದ ಗೋಡೆಯೇ ಸಡಿಲ. ಗೋಡೆ ಹಿಗ್ಗಿದಂತೆ ಕವಾಟದ ಎರಡು ಎಸಳುಗಳು ಒಂದನ್ನೊಂದು ಮುಟ್ಟದಾಗುತ್ತವೆ. ಬಸಿರು, ಬೊಜ್ಜು, ವಯಸ್ಸು ಮತ್ತು ದಿನವಿಡೀ ನಿಂತೇ ಮಾಡುವ ಕೆಲಸ ಇದಕ್ಕೆ ಇಂಬು ಕೊಡುತ್ತವೆ. ಆಳದ ನಾಳದಲ್ಲಿ ಹಿಂದೆಂದೋ ರಕ್ತ ಹೆಪ್ಪುಗಟ್ಟಿ ಕರಗಿದ್ದರೆ, ಹೆಪ್ಪು ಹೋದರೂ ಕವಾಟ ಗಾಯಗೊಂಡೇ ಉಳಿದಿರುತ್ತದೆ. ಕವಾಟ ಚೆನ್ನಾಗಿದ್ದೂ ಪಂಪು ಸೋಲುವುದುಂಟು. ಕೀಲುವಾತದಿಂದ ಪಾದದ ಕೀಲು ಮಡಿಯದವರು, ಲಕ್ವ ಹೊಡೆದವರು, ಗಾಲಿಕುರ್ಚಿಯಲ್ಲೇ ದಿನ ಕಳೆಯುವವರು ಮೀನಖಂಡವನ್ನು ಹಿಂಡುವುದೇ ಇಲ್ಲ. ಕಾರಣ ಯಾವುದಾದರೂ ಫಲ ಒಂದೇ: ನಡೆದರೂ ಗೆಜ್ಜೆಯ ಜಾಗದ ಒತ್ತಡ ಇಳಿಯುವುದಿಲ್ಲ, ಎದ್ದಾಗಿನಿಂದ ಮಲಗುವವರೆಗೆ ಚರ್ಮದ ಅತಿಸೂಕ್ಷ್ಮ ನಾಳಗಳು ಆ ಭಾರ ಹೊತ್ತಿರುತ್ತವೆ. ಒಳಬದಿಯೇ ಮೊದಲು ಕೆಡುವುದಕ್ಕೆ ಕಾರಣ, ಚರ್ಮದಡಿಯ ಅತಿ ಉದ್ದದ ಅಭಿಧಮನಿ ಅದೇ ಮೂಳೆಯ ಮುಂದಿನಿಂದ ಹತ್ತುತ್ತದೆ. ಆಳದ ನಾಳಕ್ಕೆ ಜೋಡಿಸುವ ಅಡ್ಡ ಕೊಂಡಿಗಳೂ ಅದರ ಸ್ವಲ್ಪ ಮೇಲೆಯೇ ಇವೆ.

ಒತ್ತಡ ಹೆಚ್ಚಿದ ಸೂಕ್ಷ್ಮನಾಳದಿಂದ ಮೊದಲು ಸೋರುವುದು ನೀರು. ಅದೇ ಊತ. ಮೂಳೆಯ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ತೆಗೆದರೆ ಗುಳಿ ಬಿದ್ದು ನಿಧಾನವಾಗಿ ತುಂಬಿಕೊಳ್ಳುತ್ತದೆ. ಊತ ಕಂಡಾಗೆಲ್ಲ ನಾಳವನ್ನೇ ದೂರುವುದು ಮಾತ್ರ ತಪ್ಪು. ಎರಡೂ ಕಾಲು ಸಮನಾಗಿ ಊದಿಕೊಂಡಿದ್ದರೆ ಹೃದಯ, ಮೂತ್ರಪಿಂಡ, ಯಕೃತ್ತಿನ ವಿಚಾರಣೆ ಮೊದಲು ಆಗಬೇಕು. ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ ನುಂಗುವವರಲ್ಲಿ ಆ ಮಾತ್ರೆಯೇ ಪಾದ ಊದಿಸುವುದು ಸಾಮಾನ್ಯ. ಕರಾವಳಿ ಮತ್ತು ಕಲಬುರಗಿ, ಬೀದರ ಕಡೆಯ ಹಳೆಯ ರೋಗಿಗಳಲ್ಲಿ ಆನೆಕಾಲು ರೋಗವನ್ನು ಮರೆಯುವಂತಿಲ್ಲ. ಅದರಲ್ಲಿ ಊತ ಪಾದದ ಮೇಲ್ಭಾಗಕ್ಕೂ ಬೆರಳುಗಳಿಗೂ ಹರಡಿ, ಕಾಲಕ್ರಮೇಣ ಒತ್ತಿದರೆ ಗುಳಿ ಬೀಳದಷ್ಟು ಗಟ್ಟಿಯಾಗುತ್ತದೆ. ಒಂದೇ ಕಾಲು ಒಂದೆರಡು ದಿನದಲ್ಲಿ ದಿಢೀರನೆ ಊದಿ ಮೀನಖಂಡ ನೋಯುತ್ತಿದ್ದರೆ ಅದು ಆಳದ ನಾಳದಲ್ಲಿ ಹೆಪ್ಪುಗಟ್ಟಿರುವ ಸೂಚನೆ ಇರಬಹುದು. ಅಂಥವರು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನೀರಿನ ಹಿಂದೆ ಕೆಂಪು ರಕ್ತಕಣಗಳೂ ನುಸುಳುತ್ತವೆ. ಚರ್ಮದೊಳಗೆ ಸಿಕ್ಕಿಬಿದ್ದ ಕಣ ಒಡೆಯುತ್ತದೆ, ಅದರ ಕಬ್ಬಿಣದ ಅಂಶ ಅಲ್ಲೇ ಉಳಿಯುತ್ತದೆ. ತುಕ್ಕಿನಂಥ ಆ ಕಂದು ಬಣ್ಣ ಅಕ್ಷರಶಃ ಕಬ್ಬಿಣದ್ದು. ಉರಿಯೂತದಿಂದ ಹೆಚ್ಚಿದ ಚರ್ಮದ ಸ್ವಂತ ಕಪ್ಪೂ ಅದಕ್ಕೆ ಸೇರುತ್ತದೆ. ನಮ್ಮ ಮೈಬಣ್ಣದಲ್ಲಿ ಇದು ಕಂದಿಗಿಂತ ಕಪ್ಪಾಗಿಯೇ ಕಾಣುವುದರಿಂದ ಕೊಳೆ ಎಂದು ಭಾವಿಸಿ ಸ್ನಾನದಲ್ಲಿ ಕಲ್ಲು ಹಾಕಿ ಉಜ್ಜುವವರಿದ್ದಾರೆ. ಉಜ್ಜಿದರೆ ಹೋಗುವುದಿಲ್ಲ, ಬಿಳುಪಿನ ಕ್ರೀಮಿಗೂ ಜಗ್ಗುವುದಿಲ್ಲ. ಒತ್ತಡ ಸರಿಪಡಿಸಿದ ಮೇಲೂ ಈ ಬಣ್ಣ ವರ್ಷಗಟ್ಟಲೆ ಉಳಿಯುತ್ತದೆ, ಕೆಲವರಲ್ಲಿ ಪೂರ್ತಿ ಅಳಿಯುವುದೇ ಇಲ್ಲ. ಬಣ್ಣದಿಂದ ಅಪಾಯವೇನೂ ಇಲ್ಲ. ಆದರೆ ಒಳಗಿನ ಒತ್ತಡ ಬಹಳ ಕಾಲದಿಂದ ಇಳಿದಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಸೋರಿಕೆ ನಿಲ್ಲದಿದ್ದರೆ ಬಿಳಿ ರಕ್ತಕಣಗಳು ಸೇರಿ ಉರಿಯೂತ ಬೇರೂರುತ್ತದೆ. ಚರ್ಮದಡಿಯ ಕೊಬ್ಬು ಸುಟ್ಟು ನಾರಾಗುತ್ತದೆ. ಕಾಲಿನ ಕೆಳಭಾಗ ಹಲಗೆಯಂತೆ ಬಿಗಿದು ಸಣ್ಣಗಾಗಿ, ಮೇಲಿನ ಮೀನಖಂಡ ಊದಿಕೊಂಡೇ ಇರುವುದರಿಂದ ಕಾಲು ತಲೆಕೆಳಗಾದ ಸೀಸೆಯ ಆಕಾರ ಪಡೆಯುತ್ತದೆ. ನಡುನಡುವೆ ದಂತದ ಬಣ್ಣದ ಬಿಳಿ ಮಚ್ಚೆಗಳೂ ಅದರೊಳಗೆ ಕೆಂಪು ಚುಕ್ಕಿಗಳೂ ಏಳುತ್ತವೆ. ಇವನ್ನು ತೊನ್ನು ಎಂದು ಹೆದರುವುದುಂಟು. ಇದು ರಕ್ತದ ಪೂರೈಕೆ ಕಡಿಮೆಯಾದ ಗಾಯದ ಗುರುತಿನಂಥ ಚರ್ಮ, ಹುಣ್ಣು ಬಾಯಿಬಿಡುವುದು ಹೆಚ್ಚಾಗಿ ಇಂಥ ಕಡೆಯೇ.

ತುರಿಕೆಯ ಮಜಲಿನಲ್ಲಿ ಆಗುವಷ್ಟು ತಪ್ಪು ಚಿಕಿತ್ಸೆ ಬೇರೆಲ್ಲೂ ಆಗುವುದಿಲ್ಲ. ಚರ್ಮ ಕೆಂಪಾಗಿ, ಹೊಟ್ಟೆದ್ದು, ಸಣ್ಣ ಗುಳ್ಳೆಗಳಿಂದ ನೀರು ಒಸರುತ್ತದೆ. ಮನೆಯವರ ಕಣ್ಣಿಗೆ ಅದು ಹುಳುಕಡ್ಡಿ. ಅಂಗಡಿಯಲ್ಲಿ ಕೇಳಿದರೆ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರನ್ನೂ ಕಲಸಿದ ಟ್ಯೂಬು ಸಿಗುತ್ತದೆ. ಹಚ್ಚಿದ ನಾಲ್ಕು ದಿನ ತುರಿಕೆ ತಗ್ಗುತ್ತದೆ, ಬಿಟ್ಟ ವಾರಕ್ಕೆ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಮೊದಲೇ ಸೊರಗಿದ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗುತ್ತದೆ. ಆಸ್ಪತ್ರೆಗಳಲ್ಲಿ ಆಗುವ ತಪ್ಪು ಬೇರೆ ಬಗೆಯದು. ಕೆಂಪು, ಬಿಸಿ, ಊತ ನೋಡಿ ಚರ್ಮದಡಿಯ ಸೋಂಕು ಎಂದು ತೀರ್ಮಾನಿಸಿ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಕೊಡುತ್ತಾರೆ. ನಿಜವಾದ ಸೋಂಕು ಸಾಮಾನ್ಯವಾಗಿ ಒಂದೇ ಕಾಲಿಗೆ ಬರುತ್ತದೆ, ಜ್ವರ ತರುತ್ತದೆ, ಮುಟ್ಟಿದರೆ ಚೀರುವಷ್ಟು ನೋಯುತ್ತದೆ. ಎರಡೂ ಕಾಲು ಕೆಂಪಾಗಿ, ಜ್ವರವಿಲ್ಲದೆ, ನೋವಿಗಿಂತ ತುರಿಕೆಯೇ ಮುಂದಾಗಿದ್ದರೆ ಅದು ಬಹುಮಟ್ಟಿಗೆ ಇಸುಬು.

ಇನ್ನೊಂದು ಬಲೆ ಔಷಧದ ಅಲರ್ಜಿ. ಈ ಕಾಲುಗಳ ಚರ್ಮ ಹಚ್ಚಿದ್ದಕ್ಕೆಲ್ಲ ಬೇಗ ಮುನಿಯುತ್ತದೆ. ನಿಯೊಮೈಸಿನ್, ಫ್ರಾಮೈಸೆಟಿನ್ ಇರುವ ಮುಲಾಮು ಮತ್ತು ಪುಡಿ, ಕುರಿಯುಣ್ಣೆಯ ಕೊಬ್ಬಿನಿಂದ ಬರುವ ಲ್ಯಾನೊಲಿನ್, ಸುಗಂಧದ್ರವ್ಯ, ಬ್ಯಾಂಡೇಜಿನ ರಬ್ಬರು ಹೆಸರಾಂತ ಅಪರಾಧಿಗಳು. ಗುರುತು ಹಿಡಿಯುವುದು ಕಷ್ಟವೇನಲ್ಲ. ಕಾಯಿಲೆ ತಾನಾಗಿ ಹರಡಿದರೆ ಅಂಚು ಡೊಂಕುಡೊಂಕು ಇರುತ್ತದೆ. ಗಾಜುಬಟ್ಟೆ ಇಟ್ಟಷ್ಟೇ ಜಾಗ ಚೌಕವಾಗಿ, ಸ್ಕೇಲಿಟ್ಟು ಗೆರೆ ಎಳೆದಂತೆ ಕೆಂಪಾಗಿದ್ದರೆ ತಪ್ಪಿತಸ್ಥ ಆ ಬಟ್ಟೆಗೆ ಸವರಿದ ಮುಲಾಮು. ಆಗ ಕೆಲಸಕ್ಕೆ ಬರುವುದು ಸರಳವಾದದ್ದು: ಬರಿ ಬಿಳಿ ಪ್ಯಾರಫಿನ್, ಒಂದೆರಡು ವಾರದ ಮಟ್ಟಿಗೆ ದಿನಕ್ಕೊಮ್ಮೆ ತಕ್ಕ ಬಲದ ಸ್ಟೀರಾಯ್ಡ್ ಮುಲಾಮು, ಅದೂ ಕ್ರೀಮಿನ ರೂಪದಲ್ಲಲ್ಲ. ಕ್ರೀಮಿನಲ್ಲಿ ನೀರಿರುವುದರಿಂದ ಕೆಡದಂತೆ ಕಾಪಾಡುವ ರಾಸಾಯನಿಕ ಬೆರೆಸಲೇಬೇಕು. ಎಣ್ಣೆಮಯ ಮುಲಾಮಿನಲ್ಲಿ ಅದರ ಅಗತ್ಯ ಕಡಿಮೆ.

ಹುಣ್ಣು ಎಲ್ಲಿದೆ, ಹೇಗಿದೆ ಎಂಬುದೇ ಅದರ ಜಾತಕ. ಅಭಿಧಮನಿಯ ಹುಣ್ಣು ಗೆಜ್ಜೆಯ ಜಾಗದಲ್ಲಿ, ಆಳವಿಲ್ಲದೆ, ಕೆರೆಯ ಏರಿಯಂತೆ ಇಳಿಜಾರಾದ ಅಂಕುಡೊಂಕು ಅಂಚಿನಿಂದ, ಒದ್ದೆಯಾಗಿ ಇರುತ್ತದೆ. ಕಾಲು ಎತ್ತಿಟ್ಟರೆ ನೋವು ತಗ್ಗುತ್ತದೆ. ಅಪಧಮನಿ ಕಟ್ಟಿ ಶುದ್ಧ ರಕ್ತವೇ ಬಾರದೆ ಆಗುವ ಹುಣ್ಣು ಬೆರಳ ತುದಿಯಲ್ಲೋ ಹಿಮ್ಮಡಿಯಲ್ಲೋ ಕಾಣಿಸುತ್ತದೆ, ಅಂಚು ಕತ್ತರಿಸಿ ತೆಗೆದಂತೆ ನೆಟ್ಟಗೆ, ತಳ ಒಣಗಿ ಪೇಲವ. ಅದರಲ್ಲಿ ಕಾಲು ಎತ್ತಿದರೆ ನೋವು ಹೆಚ್ಚುತ್ತದೆ. ರೋಗಿ ರಾತ್ರಿ ಮಂಚದಿಂದ ಕಾಲು ಇಳಿಬಿಟ್ಟು ಕೂರುತ್ತಾನೆ. ಮಧುಮೇಹ ಮತ್ತು ಕುಷ್ಠದಲ್ಲಿ ಸ್ಪರ್ಶ ಸತ್ತ ಪಾದದ ಹುಣ್ಣು ಅಂಗಾಲಿನಲ್ಲಿ, ಭಾರ ಬೀಳುವ ಕಡೆ, ನೋವಿಲ್ಲದೆ ಆಗುತ್ತದೆ. ಒಬ್ಬರಲ್ಲೇ ಎರಡು ಕಾರಣ ಕೂಡಿರುವುದೂ ಅಪರೂಪವಲ್ಲ.

ಈ ವಿಂಗಡಣೆ ತಪ್ಪಿದರೆ ಕಾಲೇ ಹೋಗಬಹುದು. ಅಭಿಧಮನಿಯ ಹುಣ್ಣಿಗೆ ಮುಖ್ಯ ಚಿಕಿತ್ಸೆ ಹೊರಗಿನಿಂದ ಬಿಗಿದು ಕಟ್ಟುವುದು. ಮೊದಲೇ ಶುದ್ಧ ರಕ್ತ ಕಡಿಮೆ ಇರುವ ಕಾಲಿಗೆ ಹಾಗೆ ಬಿಗಿದರೆ ಇದ್ದ ರಕ್ತವೂ ನಿಲ್ಲುತ್ತದೆ. ಆದ್ದರಿಂದ ಪಟ್ಟಿ ಕಟ್ಟುವ ಮೊದಲು ಒಂದು ಅಳತೆ ಆಗಲೇಬೇಕು. ಬಿ.ಪಿ. ಪಟ್ಟಿಯನ್ನೇ ತೋಳಿಗೂ ಪಾದದ ಕೀಲಿನ ಮೇಲೂ ಸುತ್ತಿ, ಕೈಯಲ್ಲಿ ಹಿಡಿಯುವ ಡಾಪ್ಲರ್ ಯಂತ್ರದಿಂದ ನಾಡಿಯ ಸದ್ದು ಕೇಳಿ ಎರಡೂ ಕಡೆಯ ಒತ್ತಡ ನೋಡುತ್ತಾರೆ. ಕಾಲಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸಬೇಕು. 0.8ರಿಂದ 1.3ರ ನಡುವೆ ಬಂದರೆ ಪೂರ್ತಿ ಬಿಗಿ ಕಟ್ಟಬಹುದು. 0.5ಕ್ಕಿಂತ ಕೆಳಗಿದ್ದರೆ ಪಟ್ಟಿಯ ಮಾತೇ ಬೇಡ, ಅಪಧಮನಿಯ ಚಿಕಿತ್ಸೆ ಮೊದಲು. ನಡುವಿನವರಿಗೆ ತಜ್ಞರ ಕಣ್ಗಾವಲಿನಲ್ಲಿ ಕಡಿಮೆ ಬಿಗಿ. ಮಧುಮೇಹ ಹಳೆಯದಾದವರಲ್ಲಿ ಅಪಧಮನಿಯ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗಿರುವುದರಿಂದ ಅಂಕಿ 1.3 ದಾಟಿ ಸುಳ್ಳು ಹೇಳುತ್ತದೆ. ಆಗ ಕಾಲ್ಬೆರಳಿನ ಒತ್ತಡ ನೋಡಬೇಕಾಗುತ್ತದೆ.

ಬಿಗಿಯುವ ಲೆಕ್ಕ ಸರಳ. ಗೆಜ್ಜೆಯ ಜಾಗದಲ್ಲಿ ಸುಮಾರು 40 ಮಿಲಿಮೀಟರ್ ಒತ್ತಡ ಬೀಳಬೇಕು, ಮೇಲೆ ಹೋದಂತೆ ಕಡಿಮೆಯಾಗುತ್ತ ಮೊಣಕಾಲಿನ ಕೆಳಗೆ ಅರ್ಧದಷ್ಟಾಗಬೇಕು. ಕಾಲು ಸಹಜವಾಗಿ ಕೆಳಗೆ ಸಣ್ಣ, ಮೇಲೆ ದಪ್ಪ. ಒಂದೇ ಎಳೆತದಲ್ಲಿ ಸುತ್ತಿದರೂ ಸುತ್ತಳತೆ ಸಣ್ಣದಿರುವಲ್ಲಿ ಒತ್ತಡ ಹೆಚ್ಚಾಗಿ ಬೀಳುವುದರಿಂದ ಈ ಇಳಿತ ತಾನಾಗಿ ಬರುತ್ತದೆ. ತಲೆಕೆಳಗಾದ ಸೀಸೆಯ ಆಕಾರಕ್ಕೆ ತಿರುಗಿದ ಕಾಲಿನಲ್ಲಿ ಮೂಳೆಯ ಮೇಲೆ ಬೇಡದ ಬಿಗಿ ಬೀಳುತ್ತದೆ, ಅಲ್ಲಿ ಹತ್ತಿ ಸುತ್ತಿ ಕಂಬದ ಆಕಾರ ಕೊಟ್ಟು ಆಮೇಲೆ ಕಟ್ಟುತ್ತಾರೆ. ಪಾದವನ್ನು ಕಾಲಿಗೆ ಲಂಬವಾಗಿ ಹಿಡಿದು, ಬೆರಳುಗಳ ಬುಡದಿಂದ ಹೊರಟು, ಹಿಮ್ಮಡಿಯನ್ನೂ ಮುಚ್ಚಿ, ಹಿಂದಿನ ಸುತ್ತಿನ ಅರ್ಧ ಭಾಗ ಮುಚ್ಚುವಂತೆ ಮೇಲೇರಿ ಮೊಣಕಾಲಿನ ಎರಡು ಬೆರಳು ಕೆಳಗೆ ನಿಲ್ಲಿಸಬೇಕು. ಹಿಮ್ಮಡಿ ಬಿಟ್ಟರೆ ಬಿಟ್ಟ ಕಡೆಯೇ ಊತ ನುಗ್ಗುತ್ತದೆ.

ಮೆಡಿಕಲ್ ಅಂಗಡಿಯ ಕ್ರೇಪ್ ಬ್ಯಾಂಡೇಜು ಒಂದನ್ನೇ ಸುತ್ತಿಕೊಂಡರೆ ಈ ಕೆಲಸ ಆಗುವುದಿಲ್ಲ. ಕೆಲವೇ ಗಂಟೆಗಳಲ್ಲಿ ಅದು ಸಡಿಲಾಗಿ ಪಾದದ ಮೇಲೆ ಸುರುಳಿ ಬೀಳುತ್ತದೆ. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ನಾಲ್ಕು ಪದರದ ಕಟ್ಟು ಇಂದಿಗೂ ಮಾದರಿ: ಹತ್ತಿ, ಕ್ರೇಪ್, ಹಿಗ್ಗುವ ಪಟ್ಟಿ, ಮೇಲೆ ಅಂಟಿಕೊಳ್ಳುವ ಪಟ್ಟಿ. ಒಮ್ಮೆ ಕಟ್ಟಿದರೆ ವಾರ ನಿಲ್ಲುತ್ತದೆ. ಹೆಚ್ಚು ಹಿಗ್ಗದ ಪಟ್ಟಿಯ ಎರಡು ಪದರವೂ ಬಳಕೆಯಲ್ಲಿದೆ. ಇದು ಗೋಡೆಯಂತೆ ನಿಂತು ನಡೆದಾಗ ಮೀನಖಂಡದ ಹಿಂಡಿಕೆಯನ್ನು ಒಳಕ್ಕೇ ತಿರುಗಿಸುತ್ತದೆ, ಮಲಗಿದಾಗ ಬಿಗಿ ತಗ್ಗುತ್ತದೆ. ಜರ್ಮನಿಯ ಚರ್ಮವೈದ್ಯ ಉನ್ನಾ 19ನೇ ಶತಮಾನದಲ್ಲಿ ಸತುವಿನ ಆಕ್ಸೈಡ್ ಲೇಪಿಸಿದ ಬಟ್ಟೆಯಿಂದ ಮಾಡುತ್ತಿದ್ದ ಗಟ್ಟಿ ಕಟ್ಟು ಇದರ ಹಿರಿಯ. ಯಾವ ಕಟ್ಟೇ ಆಗಲಿ, ಬೆರಳು ನೀಲಿಯಾದರೆ, ಮರಗಟ್ಟಿದರೆ, ನೋವು ಹೆಚ್ಚುತ್ತಲೇ ಹೋದರೆ ಮರುದಿನದವರೆಗೆ ಕಾಯದೆ ಬಿಚ್ಚಬೇಕು.

ಹುಣ್ಣಿನ ಮೇಲೆ ಏನು ಹಚ್ಚಬೇಕೆಂಬ ಪ್ರಶ್ನೆಗೆ ಇಷ್ಟು ಮಹತ್ವವಿಲ್ಲ. ಉಗುರುಬೆಚ್ಚಗಿನ ಶುದ್ಧ ನೀರಿನಲ್ಲಿ ತೊಳೆದು, ಅಂಟದ ಸಾದಾ ಬಟ್ಟೆ ಇಟ್ಟರೆ ಸಾಕು. ಅರಿಶಿನ, ಬೇವಿನ ಎಲೆಯ ಅರೆಪು, ನಂಜುನಾಶಕ ದ್ರವ, ಹೈಡ್ರೋಜನ್ ಪೆರಾಕ್ಸೈಡಿನ ನೊರೆ ಯಾವುದೂ ಒತ್ತಡವನ್ನು ಇಳಿಸುವುದಿಲ್ಲ, ಕೊನೆಯ ಎರಡು ಹೊಸದಾಗಿ ಬೆಳೆಯುವ ಮಾಂಸವನ್ನೂ ಸುಡಬಲ್ಲವು. ಹಳೆಯ ಹುಣ್ಣಿನಿಂದ ಹತ್ತಿಯಲ್ಲಿ ಒರೆಸಿ ಪ್ರಯೋಗಾಲಯಕ್ಕೆ ಕಳಿಸಿದರೆ ಬ್ಯಾಕ್ಟೀರಿಯಾ ಬೆಳೆದೇ ಬೆಳೆಯುತ್ತದೆ. ಅವು ಅಲ್ಲಿ ಮನೆ ಮಾಡಿಕೊಂಡಿವೆ ಎಂದಷ್ಟೇ ಅರ್ಥ. ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ, ನೋವು ಏಕಾಏಕಿ ಏರಿದರೆ ಮಾತ್ರ ಆಂಟಿಬಯಾಟಿಕ್ ನುಂಗುವುದಕ್ಕೆ ಅರ್ಥವಿದೆ. ಮೂತ್ರ ಹೆಚ್ಚಿಸುವ ಮಾತ್ರೆಯೂ ಅಷ್ಟೇ. ಹೃದಯದ ಕಾರಣ ಇಲ್ಲದಿದ್ದರೆ ಅದು ಈ ಊತಕ್ಕೆ ಮದ್ದಲ್ಲ.

ಇವೆಲ್ಲ ಒಂದು ಕಾಲಿನಲ್ಲಿ ಹೇಗೆ ಕೂಡಿಬರುತ್ತವೆ ಎಂಬುದಕ್ಕೆ ಒಂದು ಮಾದರಿ ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಹೋಟೆಲಿನ ದೋಸೆ ಭಟ್ಟರು, ವಯಸ್ಸು 56. ಮೂವತ್ತು ವರ್ಷದಿಂದ ಬೆಳಗಿನ ಐದರಿಂದ ಮಧ್ಯಾಹ್ನ ಎರಡರವರೆಗೆ ಕಾವಲಿಯ ಮುಂದೆ ನಿಂತೇ ಕೆಲಸ. ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ. ಮೀನಖಂಡ ಹಿಂಡುವಷ್ಟು ನಡಿಗೆ ಇಲ್ಲ. ಎಡಗಾಲಿನ ಒಳಬದಿ ಹತ್ತು ವರ್ಷದಿಂದ ಕಪ್ಪು, ಮೂರು ವರ್ಷದಿಂದ ತುರಿಕೆ. ಎಂಟು ತಿಂಗಳ ಹಿಂದೆ ಕೆರೆದು ಆದ ಗಾಯ ಈಗ 5 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ. ದಿನವೂ ನಿಯೊಮೈಸಿನ್ ಪುಡಿ ಉದುರಿಸಿ ಮುಲಾಮಿನ ಬಟ್ಟೆ ಇಡುತ್ತಾರೆ, ಈವರೆಗೆ ನಾಲ್ಕು ಸಲ ಆಂಟಿಬಯಾಟಿಕ್ ನುಂಗಿದ್ದಾರೆ. ಹುಣ್ಣಿನ ಸುತ್ತ ಬಟ್ಟೆಯ ಅಳತೆಗೆ ಸರಿಯಾಗಿ ಚೌಕ ಕೆಂಪು. 'ಕೆಟ್ಟ ರಕ್ತ ಹೊರಗೆ ಹೋಗ್ತಿದೆ, ಬಿಡಿ, ಹೋಗಲಿ' ಎಂದು ಯಾರೋ ಹೇಳಿದ್ದಾರೆ. ಸ್ಕ್ಯಾನಿನ ಚೀಟಿಯೂ ಕೈಯಲ್ಲಿದೆ: 'ಹೆಪ್ಪು ಕಂಡುಬಂದಿಲ್ಲ.' ಅದನ್ನು ನಾಳಗಳು ಸರಿಯಿವೆ ಎಂದು ಅವರು ಓದಿಕೊಂಡಿದ್ದಾರೆ.

ಆ ಚೀಟಿಯೇ ಇಲ್ಲಿ ದಾರಿ ತಪ್ಪಿಸಿರುವುದು. ಮಲಗಿಸಿ ಹೆಪ್ಪು ಹುಡುಕುವ ಸ್ಕ್ಯಾನಿನಲ್ಲಿ ಕವಾಟದ ಸೋರಿಕೆ ತಿಳಿಯುವುದಿಲ್ಲ. ರೋಗಿಯನ್ನು ನಿಲ್ಲಿಸಿ, ಮೀನಖಂಡವನ್ನು ಕೈಯಿಂದ ಹಿಂಡಿ ಬಿಟ್ಟು, ಮೇಲೆ ಹೋದ ರಕ್ತ ಎಷ್ಟು ಹೊತ್ತು ಕೆಳಕ್ಕೆ ಹಿಂತಿರುಗುತ್ತದೆಂದು ನೋಡಬೇಕು. ಚರ್ಮದಡಿಯ ನಾಳದಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಂತಿರುಗಿದರೆ ಕವಾಟ ಕೆಟ್ಟಿದೆ. ಭಟ್ಟರನ್ನು ನಿಲ್ಲಿಸಿ ನೋಡಿದಾಗ ತೊಡೆಸಂದಿಯಿಂದ ಇಳಿಯುವ ಉದ್ದನೆಯ ನಾಳದಲ್ಲಿ ಮೂರು ಸೆಕೆಂಡು ರಕ್ತ ಹಿಂದಕ್ಕೆ ಸುರಿಯುತ್ತದೆ, ಆಳದ ನಾಳ ಮಾತ್ರ ಸರಿಯಿದೆ. ತೋಳಿನ ಒತ್ತಡ 140, ಕಾಲಿನದು 133, ಭಾಗಿಸಿದರೆ 0.95. ಕಟ್ಟಲು ಅಡ್ಡಿಯಿಲ್ಲ.

ಪುಡಿ, ಮುಲಾಮು ಎರಡೂ ಬಂದ್. ಕೆಂಪಾದ ಚರ್ಮಕ್ಕೆ ಹತ್ತು ದಿನ ಸ್ಟೀರಾಯ್ಡ್ ಮುಲಾಮು, ಹುಣ್ಣಿಗೆ ತಾಗದಂತೆ. ವಾರಕ್ಕೊಮ್ಮೆ ನಾಲ್ಕು ಪದರದ ಕಟ್ಟು. ಕೆಲಸದ ನಡುವೆ ಗಂಟೆಗೊಮ್ಮೆ ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸುವುದು. ಮಧ್ಯಾಹ್ನ ಮನೆಯಲ್ಲಿ ಅರ್ಧ ಗಂಟೆ ಪಾದ ಎದೆಗಿಂತ ಎತ್ತರಕ್ಕಿಟ್ಟು ಮಲಗುವುದು. ಒಂದು ದಿಂಬು ಸಾಲದು, ಗೋಡೆಗೆ ಕಾಲು ಆನಿಸಬೇಕು. ರಾತ್ರಿ ಮಂಚದ ಪಾದದ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ. ಮೊದಲ ವಾರ ಕಟ್ಟಿನೊಳಗಿಂದ ನೀರು ಸೋರಿ ವಾಸನೆ ಬರುತ್ತದೆ, ಬಹಳ ಮಂದಿ ಕಟ್ಟು ಕಿತ್ತೆಸೆಯುವುದು ಆಗಲೇ. ಊತ ಇಳಿಯುತ್ತಿರುವುದರ ಲಕ್ಷಣ ಅದು. ಆ ಒಂದೆರಡು ವಾರ ಕಟ್ಟನ್ನು ವಾರಕ್ಕೆ ಎರಡು ಸಲ ಬದಲಾಯಿಸಿದರೆ ಸರಿಹೋಗುತ್ತದೆ. ಮೂರನೆಯ ವಾರ ಲೇಸರ್ ತಂತಿಯಿಂದ ಕೆಟ್ಟ ನಾಳವನ್ನು ಒಳಗಿನಿಂದಲೇ ಸುಟ್ಟು ಮುಚ್ಚುತ್ತಾರೆ. ಜಾಗ ಮಾತ್ರ ಮರಗಟ್ಟಿಸಿ ಮಾಡುವ ಕೆಲಸವಿದು, ಅದೇ ದಿನ ನಡೆದು ಮನೆಗೆ ಹೋಗಬಹುದು. ಆ ನಾಳ ಹೋದರೆ ಗತಿಯೇನೆಂಬ ಭಯ ಬೇಡ. ಹಿಂದಕ್ಕೆ ಸುರಿಯುತ್ತಿದ್ದ ದಾರಿ ಮುಚ್ಚಿದ ಮೇಲೆ ರಕ್ತ ಸರಿಯಿರುವ ದಾರಿ ಹಿಡಿಯುತ್ತದೆ.

ಮಾಯುತ್ತಿದೆಯೇ ಎಂದು ತಿಳಿಯಲು ಕಣ್ಣಂದಾಜು ಸಾಲದು. ಪ್ಲಾಸ್ಟಿಕ್ ಹಾಳೆ ಇಟ್ಟು ಅಂಚು ಬರೆದುಕೊಳ್ಳಬೇಕು. ಮೊದಲ ದಿನ 5ನ್ನು 4ರಿಂದ ಗುಣಿಸಿದರೆ 20. ನಾಲ್ಕು ವಾರದ ಮೇಲೆ 4 ಮತ್ತು 3 ಸೆಂಟಿಮೀಟರ್, ಅಂದರೆ 12. ನೂರಕ್ಕೆ 40ರಷ್ಟು ಕುಗ್ಗಿದೆ. ನಾಲ್ಕು ವಾರದಲ್ಲಿ ಇಷ್ಟು ಕುಗ್ಗಿದ ಹುಣ್ಣು ಬಹುತೇಕ ಮುಚ್ಚಿಕೊಳ್ಳುತ್ತದೆ. ಭಟ್ಟರದು 13ನೇ ವಾರಕ್ಕೆ ಮುಚ್ಚುತ್ತದೆ. ಕುಗ್ಗದೇ ಇದ್ದರೆ ಕಟ್ಟು ಸರಿಯಿಲ್ಲ, ಅಪಧಮನಿಯ ಪಾಲಿದೆ, ಇಲ್ಲವೇ ರೋಗನಿರ್ಣಯವೇ ತಪ್ಪು. ಮೂರು ತಿಂಗಳ ಸರಿಯಾದ ಚಿಕಿತ್ಸೆಗೂ ಜಗ್ಗದ, ಅಂಚು ಹೂಕೋಸಿನಂತೆ ಉಬ್ಬಿ ಮಡಿಚಿಕೊಂಡ ಹುಣ್ಣಿನಿಂದ ಚೂರು ತೆಗೆದು ಪರೀಕ್ಷಿಸಬೇಕು. ವರ್ಷಗಟ್ಟಲೆ ಉಳಿದ ಹುಣ್ಣಿನಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುವುದುಂಟು.

ನಾಳವನ್ನು ಯಾವಾಗ ಮುಚ್ಚಬೇಕು ಎಂಬ ಬಗ್ಗೆ ವೈದ್ಯರಲ್ಲೇ ಬಹುಕಾಲ ಎರಡು ಮತವಿತ್ತು. ಹುಣ್ಣು ಮಾಯಲಿ, ಆಮೇಲೆ ನೋಡೋಣ ಎಂಬುದೇ ರೂಢಿ. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇವ್ರಾ ಅಧ್ಯಯನ ಅದನ್ನು ಬದಲಿಸಿತು. ಕಟ್ಟಿನ ಜೊತೆಗೆ ನಾಳವನ್ನು ಬೇಗನೆ ಮುಚ್ಚಿದವರಲ್ಲಿ ಹುಣ್ಣು ಮಾಯಲು ಹಿಡಿದ ಮಧ್ಯಮ ಕಾಲ 56 ದಿನ, ಮುಂದೂಡಿದವರಲ್ಲಿ 82 ದಿನ. ಕಾಯುವುದರಲ್ಲಿ ಲಾಭವಿಲ್ಲ ಎಂಬುದು ಇಂದಿನ ತೀರ್ಮಾನ. ಆದರೆ ಆಳದ ನಾಳವೇ ಕೆಟ್ಟವರಿಗೆ ಈ ದಾರಿ ಅಷ್ಟು ಸಲೀಸಲ್ಲ. ಅವರಿಗೆ ಕಟ್ಟೇ ಮುಖ್ಯ ಆಸರೆ.

ಮುಚ್ಚಿಕೊಂಡ ಹುಣ್ಣು ಗುಣವಾದ ಕಾಲಲ್ಲ. ಹೊಸ ಚರ್ಮ ಕಾಗದದಂತೆ ತೆಳು, ಹಳೆಯ ಬಣ್ಣ ಹಾಗೇ ಇರುತ್ತದೆ. ಆಮೇಲೆ ಬೇಕಾದದ್ದು ಅಳತೆಯ ಬಿಗಿ ಕಾಲುಚೀಲ. ಅಳತೆ ತೆಗೆಯುವುದು ಬೆಳಗ್ಗೆ, ಊತ ಏರುವ ಮುಂಚೆ. ಹಾಕಿಕೊಳ್ಳುವುದೂ ಹಾಸಿಗೆಯಿಂದ ಇಳಿಯುವ ಮೊದಲು. ಸುಲಭವಾಗಿ ಏರಿದ ಚೀಲ ಸಡಿಲವಾದ ಚೀಲ, ಆರು ತಿಂಗಳಿಗೊಮ್ಮೆ ಬದಲಿಸಬೇಕು. ಏಪ್ರಿಲ್ ಮೇ ತಿಂಗಳ ರಾಯಚೂರು, ಬಳ್ಳಾರಿಯ ಸೆಕೆಯಲ್ಲಿ ಇದನ್ನು ದಿನವಿಡೀ ಧರಿಸಿ ಎಂದು ಹೇಳುವುದು ಸುಲಭ, ಧರಿಸುವುದು ಕಷ್ಟ. ಬಗ್ಗಲಾಗದ ವೃದ್ಧರಿಗೆ ಎಳೆದುಕೊಳ್ಳುವುದೇ ಆಗುವುದಿಲ್ಲ. ಅಂಥವರಿಗೆ ಅಂಟುಪಟ್ಟಿಯಿಂದ ಬಿಗಿ ಸರಿಮಾಡಿಕೊಳ್ಳುವ ಕವಚಗಳಿವೆ. ಪೂರ್ತಿ ಬಿಗಿಯದು ಆಗದಿದ್ದರೆ ಕಡಿಮೆ ಬಿಗಿಯದಾದರೂ ಸರಿ, ಪೆಟ್ಟಿಗೆಯಲ್ಲಿ ಉಳಿದ ಚೀಲಕ್ಕಿಂತ ಅದು ಮೇಲು.

ಈ ಕಾಲುಗಳಲ್ಲಿ ಇನ್ನೊಂದು ಅವಘಡಕ್ಕೂ ಸಿದ್ಧವಿರಬೇಕು. ಉಬ್ಬಿದ ನಾಳದ ಮೇಲಿನ ತೆಳು ಚರ್ಮ ಸ್ನಾನದ ಹೊತ್ತಿನಲ್ಲಿ ಒಡೆದು ರಕ್ತ ಚಿಮ್ಮಿದರೆ ಮೇಲೆ ದಾರ ಬಿಗಿದು ಕಟ್ಟಬಾರದು. ಅದು ಅಭಿಧಮನಿಯ ರಕ್ತ. ನೆಲದ ಮೇಲೆ ಮಲಗಿಸಿ, ಕಾಲು ಎತ್ತಿ ಹಿಡಿದು, ರಕ್ತ ಬರುವ ಜಾಗವನ್ನೇ ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಕುರ್ಚಿಯಲ್ಲಿ ಕೂರಿಸಿದರೆ ಹರಿಯುತ್ತಲೇ ಇರುತ್ತದೆ.

ಹುಣ್ಣು ಮರಳುವ ಲೆಕ್ಕವೂ ಸಿಕ್ಕಿದೆ. 2004ರಲ್ಲಿ ಪ್ರಕಟವಾದ, ಬ್ರಿಟನ್ನಿನ 500 ರೋಗಿಗಳ ಎಸ್ಚಾರ್ ಅಧ್ಯಯನದಲ್ಲಿ ಬರಿ ಬಿಗಿಕಟ್ಟಿನ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ 28 ಮಂದಿಗೆ ಹುಣ್ಣು ಮತ್ತೆ ಬಂತು. ಜೊತೆಗೆ ಕೆಟ್ಟ ನಾಳದ ಶಸ್ತ್ರಚಿಕಿತ್ಸೆಯೂ ಆದವರಲ್ಲಿ ಅದು ನೂರಕ್ಕೆ 12.